ನಾನು ಕಟ್ಟಿದ್ದನ್ನು ಅವಳಿಗೆ ಒಪ್ಪಿಸಿದ್ದು

ಪಾಂಡವಪುರದಲ್ಲಿ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಯಜಮಾನರು ಮೂಲತಃ ಭತ್ತ, ಕಬ್ಬು ಬೆಳೆಯುವವರು. ಒಂದು ಟ್ರಾಕ್ಟರನ್ನು ಬಾಡಿಗೆಗೆ ಬಿಡುವುದರಿಂದ ಶುರುಮಾಡಿ, ನಾಟಿ ಯಂತ್ರ, ಕಟಾವು ಯಂತ್ರ ಎಂದು ಬೆಳೆಸುತ್ತಾ ಹೋಗಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲೂ ಕೇಂದ್ರ ತೆರೆದಿದ್ದರು. ರೈತರು ಬಂದು ಯಂತ್ರ ಕೇಳಿದರೆ ಕೇಂದ್ರದವರು ಕಂಪ್ಯೂಟರಿನಲ್ಲಿ ಬುಕ್ ಮಾಡುತ್ತಾರೆ. ಯಂತ್ರ ಎಂದು ಬರುತ್ತದೆ ಎಂಬ ಸಂದೇಶ ರೈತನ ಫೋನಿಗೆ, ಅವತ್ತು ಹೋಗಬೇಕಾದ ಗದ್ದೆಗಳ ವಿವರ ಚಾಲಕನ ಫೋನಿಗೆ ಹೋಗುತ್ತದೆ. ಅದನ್ನೆಲ್ಲ ಕಟ್ಟಿದವಳು ನಾನು. ಒಬ್ಬಳೇ ಕಟ್ಟಿದ್ದೆ.

ಆಫೀಸಿನಲ್ಲಿ ಸರ್ವರ್ ಇರಲಿಲ್ಲ. ಕ್ಲೌಡಿನಲ್ಲಿ, ಎಂದರೆ ಇಂಟರ್ನೆಟ್ ಮೂಲಕ ದೊಡ್ಡ ಕಂಪನಿಯೊಂದರಿಂದ, ಬಾಡಿಗೆಗೆ ಹಿಡಿದ ಒಂದು ಸರ್ವರ್, ಒಂದು ಡೇಟಾಬೇಸ್, ಬ್ಯಾಕಪ್‌ಗಳನ್ನು ಇಡಲು ಒಂದಿಷ್ಟು ಜಾಗ, ಅಷ್ಟೆ. ಮೊದಲ ಸಲ ಇದನ್ನು ವಿವರಿಸಿದಾಗ ಯಜಮಾನರು ನಕ್ಕಿದ್ದರು. "ನಾವು ಮಿಷಿನ್ ಬಾಡಿಗೆಗೆ ಕೊಡೋರು. ನಮ್ಗೂ ಮಿಷಿನ್ ಬಾಡಿಗೆಗೆ ಕೊಡೋರು ಅವ್ರೆ ಅನ್ನವ್ವ!"

ಕೆಲಸ ಬಿಟ್ಟದ್ದು ನಾನೇ. ನನಗೆ ಪಾಠ ಹೇಳುವ ಆಸೆ ಮೊದಲಿನಿಂದಲೂ ಇತ್ತು. ಬೆಳ್ಳೂರಿನ ಕಡೆ ಒಂದು ಕಾಲೇಜಿನಲ್ಲಿ ಅವಕಾಶ ಸಿಕ್ಕಿತು, ಒಪ್ಪಿಕೊಂಡೆ. ಯಾರೂ ನನ್ನನ್ನು ತಳ್ಳಲಿಲ್ಲ. ಯಜಮಾನರು ಕೇಳಿದ್ದು ಒಂದೇ ಮಾತು: "ಹೋಗು ತಾಯಿ, ಬ್ಯಾಡ ಅನ್ನಕಾಯ್ತದಾ? ಬರೋರ್ಗೆ ಎಲ್ಲಾನೂ ಬರ್ದಿಟ್ಬುಟ್ಟು ಹೋಗು."

ಹೊಸಬರು ಹಳಬರನ್ನು ಕೇಳದೆಯೇ ಒಂದು ವ್ಯವಸ್ಥೆಯನ್ನು ನಡೆಸಲು ಏನೇನು ತಿಳಿದಿರಬೇಕೋ ಅದನ್ನೆಲ್ಲ ಬರೆದಿಡುವ ಕೈಪಿಡಿಗೆ ನಮ್ಮಲ್ಲಿ ರನ್‌ಬುಕ್ ಅನ್ನುತ್ತಾರೆ. ನಾನು ಅದನ್ನು ಮನಸ್ಸಿಟ್ಟು ಬರೆದೆ. ಯಾವುದು ಎಲ್ಲಿದೆ, ಬೆಳಿಗ್ಗೆ ಬಂದೊಡನೆ ಏನು ನೋಡಬೇಕು, ಸಂದೇಶ ಹೋಗದಿದ್ದರೆ ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ಫೈಲುಗಳಲ್ಲಿ ಮೊದಲು ಎಲ್ಲಿ ಹುಡುಕಬೇಕು, ಹೊಸ ಬದಲಾವಣೆ ಹಾಕಿ ಕೆಟ್ಟರೆ ಹಿಂದಿನದಕ್ಕೆ ಮರಳುವುದು ಹೇಗೆ, ಡೇಟಾಬೇಸ್ ಹಾಳಾದರೆ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸುವುದು ಹೇಗೆ, ಎಲ್ಲವೂ ಇತ್ತು. ಪಾಸ್‌ವರ್ಡುಗಳನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ಅವು ಬೀಗ ಹಾಕಿದ ಬೇರೆ ಜಾಗದಲ್ಲಿದ್ದವು. ಆ ಜಾಗ ಯಾವುದು, ಕೀಲಿ ಯಾರ ಹತ್ತಿರ ಎಂಬುದಷ್ಟೇ ಇತ್ತು. ಬರೆಯುತ್ತಿದ್ದಾಗ ನನಗೆ ಹೆಮ್ಮೆಯೇ ಆಗುತ್ತಿತ್ತು. ಅದನ್ನು ಓದುವವರು ಒಬ್ಬರು ನಿಜವಾಗಿಯೂ ಬರುತ್ತಾರೆ ಎಂಬುದು ಇನ್ನೂ ಮನಸ್ಸಿಗೆ ಇಳಿದಿರಲಿಲ್ಲ.

ಬಂದವಳು ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆಯ ಹುಡುಗಿ. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಬಂದ ಮೊದಲ ದಿನವೇ ಯಜಮಾನರು ಅವಳನ್ನು "ನಮ್ಮುಡ್ಗಿ" ಅಂದರು. ನನ್ನನ್ನು ಅವರು ಹಾಗೆ ಕರೆಯಲು ಎಷ್ಟು ಕಾಲ ಹಿಡಿದಿತ್ತು ಎಂದು ನಾನು ಅಲ್ಲೇ ಕೂತು ಲೆಕ್ಕ ಹಾಕತೊಡಗಿದೆ. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಪರಿಚಯ ಮಾಡಿಸಲು ಅವಳನ್ನು ಕೇಂದ್ರಗಳಿಗೆ ಕರೆದುಕೊಂಡು ಹೋದೆ. ನಾಗಮಂಗಲದ ಕೇಂದ್ರ ನೋಡಿಕೊಳ್ಳುತ್ತಿದ್ದ ಹೆಂಗಸು ದಿನಾ ಬೆಳಿಗ್ಗೆ ನನಗೆ ಫೋನ್ ಮಾಡುವವರು. ಕಂಪ್ಯೂಟರಿಗೆ ಏನೂ ಆಗಿರದಿದ್ದರೂ ಮಾಡುವವರು. ಅವತ್ತು ಹುಡುಗಿಯನ್ನು ನೋಡಿದವರೇ "ಯಾರ ಮನೇವ್ಳವ್ವ ನೀನು?" ಎಂದು ಕೇಳಿದರು. ಅವಳು ಹೇಳಿದಳು. ಇಬ್ಬರೂ ಯಾವುದೋ ಮದುವೆ, ಯಾವುದೋ ಅತ್ತೆ ಎಂದು ಸಂಬಂಧದ ಎಳೆ ಹಿಡಿದು ಹೊರಟರು. ನನ್ನೂರು ಶ್ರೀರಂಗಪಟ್ಟಣದ ಕಡೆಯ ಬಾಬುರಾಯನಕೊಪ್ಪಲು. ಅವರ ಮಾತಿನಲ್ಲಿ ಬಂದ ಒಂದು ಹೆಸರೂ ನನಗೆ ಗೊತ್ತಿರಲಿಲ್ಲ. ಲೋಟದಲ್ಲಿ ಕೊಟ್ಟ ಕಾಫಿ ಆರುವವರೆಗೂ ನಾನು ಗೋಡೆಯ ಮೇಲಿನ ಯಂತ್ರದ ಚಿತ್ರ ನೋಡುತ್ತಾ ಕೂತಿದ್ದೆ.

ಹೊರಡುವಾಗ ಆ ಹೆಂಗಸು ಹುಡುಗಿಯ ನಂಬರನ್ನು ಬರೆದುಕೊಂಡರು. "ಇನ್ಮೇಕೆ ಇವ್ಳ್ಗೇ ಮಾಡ್ತೀನಿ ಬುಡಕ್ಕ, ನಿಮ್ಗ್ಯಾಕೆ ತೊಂದ್ರೆ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಅದು ಸೇರಲಿಲ್ಲ.

ಒಪ್ಪಿಸುವ ಕೆಲಸದಲ್ಲಿ ಒಂದು ಪರೀಕ್ಷೆ ಇಟ್ಟಿದ್ದೆ. ಡೇಟಾಬೇಸ್ ಹೋಗಿಬಿಟ್ಟಿದೆ ಎಂದು ಭಾವಿಸಿ, ರನ್‌ಬುಕ್ ಒಂದನ್ನೇ ನೋಡಿಕೊಂಡು ಅವಳು ಎಲ್ಲವನ್ನೂ ಮತ್ತೆ ಎಬ್ಬಿಸಬೇಕು. ನಿಜವಾದ ಬುಕಿಂಗಿಗೆ ಏನೂ ಆಗದ ಹಾಗೆ, ಪರೀಕ್ಷೆಗೆಂದೇ ಬೇರೆ ಸರ್ವರ್ ಇಟ್ಟು, ಅದರಿಂದ ಸಂದೇಶಗಳು ಹೊರಗೆ ಹೋಗದಂತೆ ಮಾಡಿದ್ದೆ. ನಾನು ಪಕ್ಕದಲ್ಲಿ ಕೂರಬೇಕು, ಆದರೆ ಮಾತಾಡುವ ಹಾಗಿಲ್ಲ. ಈ ನಿಯಮ ಮಾಡಿದವಳೂ ನಾನೇ. ಬರೆದವಳು ಬಾಯಿ ಬಿಟ್ಟರೆ ಬರೆದದ್ದು ಸಾಲುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದಳು. ಬ್ಯಾಕಪ್ ಆರಿಸಿದಳು. ಕ್ಲೌಡಿನಲ್ಲಿ ಬ್ಯಾಕಪ್‌ನಿಂದ ಎಬ್ಬಿಸಿದರೆ ಹಳೆಯ ಡೇಟಾಬೇಸ್ ಸರಿಯಾಗುವುದಿಲ್ಲ. ಹೊಸದೊಂದು ಹುಟ್ಟುತ್ತದೆ, ಅದಕ್ಕೆ ಹೊಸ ವಿಳಾಸ ಇರುತ್ತದೆ. ಆ ವಿಳಾಸವನ್ನು ನಮ್ಮ ಸರ್ವರಿಗೆ ತಿಳಿಸಬೇಕು. ಅದನ್ನು ನಾನು ಬರೆದಿದ್ದೆ. ಅವಳು ಸರಿಯಾಗಿ ಮಾಡಿದಳು. ಪರೀಕ್ಷೆಯ ಸರ್ವರನ್ನು ಮತ್ತೆ ಶುರುಮಾಡಿದಳು.

ಬುಕಿಂಗ್ ಪುಟ ತೆರೆಯಲಿಲ್ಲ. ಸುತ್ತುತ್ತಾ ಸುತ್ತುತ್ತಾ ಕೊನೆಗೆ ಸಂಪರ್ಕ ಸಿಗಲಿಲ್ಲ ಎಂದು ನಿಂತಿತು.

ಅವಳು ರನ್‌ಬುಕ್ಕಿನ ಆ ಪುಟವನ್ನು ಮತ್ತೆ ಓದಿದಳು. ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿದಳು. ನನಗೂ ಕಾರಣ ಹೊಳೆಯಲಿಲ್ಲ. ಹಿಂದೊಮ್ಮೆ ಹೀಗೇ ಎಬ್ಬಿಸಿದ್ದೆ, ಆಗ ಎಲ್ಲವೂ ನಡೆದಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನಾನಿಲ್ಲದೆ ಆಗುವುದಿಲ್ಲ, ನೋಡು, ಅನ್ನಿಸಿತು. ಈಗ ಅವಳು ನನ್ನ ಕಡೆ ತಿರುಗುತ್ತಾಳೆ ಎಂದು ಕಾದೆ.

ಅವಳು ತಿರುಗಲಿಲ್ಲ. ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡಳು. "ಪಾಸ್‌ವರ್ಡ್ ತಪ್ಪಾಗಿದ್ರೆ ತಪ್ಪು ಅಂತ ತಕ್ಷಣ ಹೇಳ್ತಿತ್ತು. ಇದು ಏನೂ ಹೇಳ್ತಿಲ್ಲ, ಸುಮ್ನೆ ಕಾಯ್ತಾ ಐತೆ. ಅಂದ್ರೆ ಬಾಗ್ಲೇ ತಟ್ಟಿಲ್ಲ. ಮಧ್ಯದಲ್ಲಿ ಯಾರೋ ತಡೀತಾವ್ರೆ."

ಡೇಟಾಬೇಸಿಗೆ ಯಾರು ಬರಬಹುದು, ಯಾರು ಬರಬಾರದು ಎಂದು ಹೇಳುವ ಕಾವಲು ನಿಯಮಗಳನ್ನು ತೆರೆದಳು. ಹಳೆಯದಕ್ಕೆ ನಮ್ಮ ಸರ್ವರುಗಳನ್ನು ಒಳಗೆ ಬಿಡುವ ನಿಯಮವಿತ್ತು. ಹೊಸದಾಗಿ ಹುಟ್ಟಿದ್ದಕ್ಕೆ ಕ್ಲೌಡಿನವರು ತಾವಾಗಿ ಕೊಡುವ ಸಾಮಾನ್ಯ ನಿಯಮ ಮಾತ್ರ ಅಂಟಿಕೊಂಡಿತ್ತು. ಅದು ನಮ್ಮ ಸರ್ವರನ್ನು ಬಾಗಿಲ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನಾನು ಹಿಂದೆ ಎಬ್ಬಿಸಿದಾಗ ಅದನ್ನು ಯೋಚಿಸದೆಯೇ ಸರಿಪಡಿಸಿದ್ದಿರಬೇಕು. ಕೈ ಮಾಡಿದ್ದು ಬರೆಯುವಾಗ ತಲೆಗೆ ಬಂದಿರಲಿಲ್ಲ. ಅವಳು ಹಳೆಯ ನಿಯಮವನ್ನು ಹೊಸದಕ್ಕೆ ಹಾಕಿದಳು. ಪುಟ ತೆರೆಯಿತು. ಬುಕಿಂಗುಗಳೆಲ್ಲ ಇದ್ದವು.

"ಅಕ್ಕ, ಈಗ ಮಾತಾಡ್ಬಹುದಾ?" ಎಂದು ನಕ್ಕಳು. "ಇದೊಂದು ಸಾಲು ಸೇರಿಸ್ಲಾ?"

"ಸೇರಿಸು," ಅಂದೆ. ಅವಳು ಸೇರಿಸಿದ ಸಾಲು ನನ್ನ ಸಾಲುಗಳಿಗಿಂತ ಚಿಕ್ಕದಾಗಿ, ಸ್ಪಷ್ಟವಾಗಿ ಇತ್ತು. ಅದನ್ನು ನೋಡಿ ಮತ್ತೂ ಉರಿಯಿತು. ತಪ್ಪು ಹುಡುಕಿ ಎತ್ತಿ ಆಡಿದ್ದರೆ ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಅವಳು ಅದನ್ನು ಯಜಮಾನರಿಗೆ ಹೇಳಲೂ ಇಲ್ಲ.

ಮಾರನೆಯ ವಾರ ಅವಳು ಕೇಂದ್ರದವರಿಗೆಂದೇ ಕನ್ನಡದಲ್ಲಿ ಒಂದು ಪುಟ ಮಾಡಿದಳು. ಪರದೆ ನಿಂತರೆ ಮೊದಲು ಇಂಟರ್ನೆಟ್ ನೋಡಿ, ಆಮೇಲೆ ಹೀಗೆ ಮಾಡಿ, ಅದಕ್ಕೂ ಸರಿಹೋಗದಿದ್ದರೆ ಫೋನ್ ಮಾಡಿ ಎಂದು. ನಾನು ಬರೆದದ್ದೆಲ್ಲ ಎಂಜಿನಿಯರ್ ಓದಲೆಂದು ಇಂಗ್ಲಿಷಿನಲ್ಲಿತ್ತು. ಕೇಂದ್ರದವರಿಗೆ ನಾನೇ ಇದ್ದೆನಲ್ಲ, ಅವರಿಗೇಕೆ ಪುಟ ಎಂದು ಭಾವಿಸಿದ್ದೆ. ಕೆ.ಆರ್. ಪೇಟೆಯವರು ಅದನ್ನು ಅಚ್ಚು ಹಾಕಿ ಮೇಜಿನ ಮೇಲೆ ಅಂಟಿಸಿಕೊಂಡರಂತೆ. ಬೆಳಗಿನ ಫೋನುಗಳು ಕಡಿಮೆಯಾದವು. ಬರುತ್ತಿದ್ದವೂ ಅವಳಿಗೇ ಬರುತ್ತಿದ್ದವು. ನನ್ನ ಫೋನು ಮೇಜಿನ ಮೇಲೆ ತೆಪ್ಪಗೆ ಬಿದ್ದಿರುತ್ತಿತ್ತು. ಹಿಂದೆ ಅದು ರಿಂಗಣಿಸಿದಾಗಲೆಲ್ಲ ನಾನು ಗೊಣಗುತ್ತಿದ್ದೆ.

ರನ್‌ಬುಕ್ಕಿನ ಕೊನೆಯ ಭಾಗ, ಬಿಟ್ಟುಹೋಗುವವರ ಪ್ರವೇಶವನ್ನು ತೆಗೆದುಹಾಕುವುದು. ಅದನ್ನು ನಾನು ಬಹಳ ಚೆನ್ನಾಗಿ ಬರೆದಿದ್ದೆ. ನನ್ನ ಕೊನೆಯ ದಿನ ಮಧ್ಯಾಹ್ನ ಅವಳು ಅದನ್ನು ತೆರೆದು ಕೂತಳು. ಕ್ಲೌಡಿನ ಮುಖ್ಯ ಖಾತೆ ತೆರೆಯಲು ಬರುವ ಒಟಿಪಿ ಸಂಖ್ಯೆ ನನ್ನ ಫೋನಿನ ಬದಲು ಆಫೀಸಿನ ಫೋನಿಗೆ ಬರುವಂತಾಯಿತು. ನನ್ನ ಹೆಸರಿನ ಬಳಕೆದಾರ ಖಾತೆ ಹೋಯಿತು. ಸರ್ವರಿಗೆ ಹೋಗುವ ನನ್ನ ಕೀಲಿ ಹೋಯಿತು. ನನಗೆ ಗೊತ್ತಿದ್ದ ಪಾಸ್‌ವರ್ಡುಗಳೆಲ್ಲ ಬದಲಾದವು. ಹೊಸದನ್ನು ಹಾಕುವಾಗ ನಾನೇ ಮುಖ ತಿರುಗಿಸಿದೆ. ಉಳಿದದ್ದು, ಏನಾದರೂ ಕೆಟ್ಟರೆ ಯಾರ ಫೋನಿಗೆ ಎಚ್ಚರಿಕೆ ಹೋಗಬೇಕು ಎಂಬುದು. ಅಲ್ಲಿ ಅವಳ ನಂಬರಿನ ಕೆಳಗೆ ನನ್ನದಿತ್ತು.

"ಅದೊಂದು ಇರ್ಲಿ," ಅಂದೆ. "ಸ್ವಲ್ಪ ದಿನ. ನಿನಗೂ ಧೈರ್ಯ."

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಬ್ಯಾಡ ಅಕ್ಕ. ನಿಮ್ಮ ನಂಬರ್ ಇದ್ರೆ ರಾತ್ರಿ ಫೋನ್ ಹೊಡ್ಕೊಂಡ್ರೂ ನಾನು ಎದ್ದೇಳಲ್ಲ. ಅಕ್ಕ ನೋಡ್ಕೊತಾರೆ ಅಂದ್ಕೊಂಡು ಮಲಗ್ಬುಡ್ತೀನಿ."

"ಮತ್ತೆ ನಿನ್ನ ಫೋನ್ ಸ್ವಿಚ್ ಆಫ್ ಆಗಿದ್ರೆ?"

"ಯಜಮಾನ್ರದ್ದು ಹಾಕ್ತೀನಿ. ಅವ್ರು ಬೈದ್ರೆ ಇನ್ನೂ ಬೇಗ ಏಳ್ತೀನಿ."

ನನ್ನ ನಂಬರ್ ತೆಗೆದಳು. ನಾನು ಬ್ಯಾಗ್ ಹಿಡಿದು ಮೆಟ್ಟಿಲಿಳಿದೆ. ಯಜಮಾನರು ಕೆಳಗೆ ಅಂಗಡಿಯ ಮುಂದೆ ನಿಂತಿದ್ದರು. ಹಣ್ಣು, ಸೀರೆ ಕೊಟ್ಟು "ಬತ್ತಾ ಇರವ್ವ" ಅಂದರು. ನಾನು ಸರಿ ಅಂದೆ. ಶ್ರೀರಂಗಪಟ್ಟಣದ ಬಸ್ಸು ಹತ್ತಿದ ಮೇಲೆ, ಅಭ್ಯಾಸ ಬಲದಿಂದ ಫೋನಿನಲ್ಲಿ ಬುಕಿಂಗ್ ಪುಟ ತೆರೆದೆ. ಪ್ರವೇಶವಿಲ್ಲ ಎಂದು ಬಂತು. ಆ ವಾಕ್ಯವನ್ನು ಬರೆದಿದ್ದವಳೂ ನಾನೇ.

ಕಾಲೇಜಿನ ಕೆಲಸ ನನಗೆ ಹಿಡಿಸಿತು. ಆದರೂ ಆ ಹುಡುಗಿ ಎಲ್ಲಾದರೂ ಎಡವುತ್ತಾಳೆ, ಫೋನ್ ಮಾಡುತ್ತಾಳೆ ಎಂಬ ನಿರೀಕ್ಷೆ ಹೋಗಲಿಲ್ಲ. ಮಾಡಲಿಲ್ಲ. ಭತ್ತದ ಕಟಾವಿನ ಕಾಲ ಬಂತು. ಒಂದು ದಿನ ಬೆಳಿಗ್ಗೆ ನಮ್ಮೂರಿನಿಂದ ಸೋದರಮಾವ ಫೋನ್ ಮಾಡಿದರು. ಯಂತ್ರಕ್ಕೆ ಬುಕ್ ಮಾಡಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತದೆಂಬ ಸಂದೇಶ ಬಂದಿಲ್ಲ, ಗದ್ದೆ ಹತ್ತಿರ ಕಾಯುತ್ತಿದ್ದಾರೆ. "ಏನಾಗೈತೆ ನೋಡವ್ವ," ಅಂದರು.

ನೋಡಲು ನನಗೆ ಏನೂ ಇರಲಿಲ್ಲ. ಹುಡುಗಿಗೆ ಫೋನ್ ಮಾಡಿದೆ. ಮಾಡುವಾಗ ನನ್ನ ದನಿಯಲ್ಲಿ ಒಂದು ಉತ್ಸಾಹವಿತ್ತು, ಅದು ನನಗೇ ಕೇಳಿಸಿತು.

"ಗೊತ್ತಾಯ್ತು ಅಕ್ಕ, ಎಚ್ಚರಿಕೆ ಬಂತು," ಅಂದಳು. "ಲಾಗ್ ಫೈಲು ತುಂಬ್ಕೊಂಡು ಡಿಸ್ಕಲ್ಲಿ ಜಾಗಾನೇ ಇರ್ಲಿಲ್ಲ. ಹಳೇವನ್ನ ತೆಗ್ದು ಸರ್ವೀಸ್ ಶುರುಮಾಡಿದೀನಿ. ಈಗ ಹೋಗ್ದೆ ಉಳಿದಿರೋ ಸಂದೇಶ ಮಾತ್ರ ಆರಿಸ್ತಾ ಇದೀನಿ. ಹೋಗಿರೋರಿಗೇ ಎರಡ್ನೇ ಸಲ ಹೋದ್ರೆ ಗಲಾಟೆ ಆಯ್ತದೆ. ಆಮೇಲೆ ಮಾಡ್ಲಾ ಅಕ್ಕ?"

"ಮಾಡು," ಅನ್ನುವಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು. ಎರಡನೇ ಸಲ ಹೋಗಬಾರದು ಎಂಬ ಮಾತನ್ನು ನಾನು ಅವಳಿಗೆ ಹೇಳಬೇಕೆಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಅವತ್ತು ಸಂಜೆ ಕಾಲೇಜು ಮುಗಿಸಿ ಊರಿಗೆ ಹೋದಾಗ ಗದ್ದೆಯಲ್ಲಿ ಯಂತ್ರ ಓಡುತ್ತಿತ್ತು. ಮಾವ ಬದುವಿನ ಮೇಲೆ ನಿಂತು ಚೀಲಗಳಿಗೆ ಭತ್ತ ತುಂಬಿಸುತ್ತಿದ್ದರು. ನನ್ನನ್ನು ನೋಡಿ ಫೋನು ಮೇಲಕ್ಕೆತ್ತಿ ತೋರಿಸಿದರು.

"ಬಂತು ಕಣವ್ವ ಮೆಸೇಜು. ನೀನೇ ಕಳ್ಸ್ದಾ?"

"ಇಲ್ಲ ಮಾವ. ಈಗ ಅಲ್ಲಿ ಬೇರೆ ಹುಡುಗಿ ಅವ್ಳೆ."

"ಅಂಗಾ? ಚೆನ್ನಾಗೇ ಮಾಡವ್ಳೆ ಬುಡು," ಎಂದು ಮಾವ ಚೀಲದ ಬಾಯಿ ಕಟ್ಟಲು ಬಗ್ಗಿದರು.

ಹೌದು ಎಂದು ನಾನೂ ಒಪ್ಪಿಕೊಂಡೆ. ಯಂತ್ರದ ಸದ್ದಿನಲ್ಲಿ ಮಾವನಿಗೆ ಅದು ಕೇಳಿಸಿರಲಾರದು. ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಚೀಲದ ಬಾಯಿ ಹಿಡಿದೆ.