ನಾಗಣ್ಣನ ಪಕ್ಕಾ ಕಾಗದ

ಅಫಜಲಪುರದ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತ, ಹೆಸರು ಗುರುನಾಥ. ಕಿಟಕಿಯ ಈಚೆ ಕೂತು ಸರ್ಟಿಫಿಕೇಟುಗಳನ್ನು ಆಚೆ ತಳ್ಳುವುದು ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹುಡುಗರು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಆದರೆ ಸೊನ್ನ ಊರಿನ ಕಡೆಯ ರೈತ ನಾಗಣ್ಣನ ಮೇಲೆ ಸಿಟ್ಟಾಗುವುದು ನನಗೂ ಕಷ್ಟ. ಅವನು ಅರ್ಧ ನಮ್ಮ ನಡುವೆ, ಇನ್ನರ್ಧ ಬೇರೆಲ್ಲೋ ಇರುವ ಮನುಷ್ಯ.

ಅವನ ಹೊಲ ಭೀಮಾ ನದಿಯ ಹಿನ್ನೀರಿನ ದಂಡೆಗಿದೆ. ಬ್ಯಾರೇಜಿನಲ್ಲಿ ನೀರು ತುಂಬಿ ನಿಂತ ದಿನಗಳಲ್ಲಿ ಅಲ್ಲಿ ಹೊಳೆ ಹರಿಯುವುದೇ ಇಲ್ಲ, ಮಲಗಿರುತ್ತದೆ. ನಾಗಣ್ಣ ತೊಗರಿ ಸಾಲಿನ ನಡುವೆ ಕೆಲಸ ನಿಲ್ಲಿಸಿ ಆ ನೀರನ್ನೇ ನೋಡುತ್ತ ನಿಂತುಬಿಡುತ್ತಾನೆ. ಹೆಂಡತಿ ಹೀರಾಬಾಯಿ ಬದುವಿನ ಮೇಲೆ ಬುತ್ತಿ ಬಿಚ್ಚಿಟ್ಟು ಕೂಗಿದರೂ ಅವನಿಗೆ ಕೇಳುವುದಿಲ್ಲ. ಆ ನೀರಿನ ಮೇಲೆ ಅವನಿಗೆ ಕಾಣುವುದು ಮಗಳು ಭುವನೇಶ್ವರಿ. ಕರಿ ಗೌನು ತೊಟ್ಟು, ತಲೆಗೆ ಕುಚ್ಚಿನ ಟೊಪ್ಪಿಗೆ ಇಟ್ಟು, ದೊಡ್ಡ ವೇದಿಕೆಯ ಮೇಲೆ ನಡೆದು ಹೋಗುತ್ತಿರುತ್ತಾಳೆ. ಘಟಿಕೋತ್ಸವದ ಫೋಟೊ ಒಂದನ್ನು ಅವನು ಎಂದೋ ಪೇಪರಿನಲ್ಲಿ ನೋಡಿದ್ದ, ಅಷ್ಟೇ. ಉಳಿದದ್ದೆಲ್ಲ ಅವನೇ ಸೇರಿಸಿಕೊಂಡದ್ದು. ಹಾಲ್ ಎಷ್ಟು ತಂಪಾಗಿತ್ತು, ಮಗಳು ತಿರುಗಿ ನೋಡಿದಾಗ ತಾನು ಯಾವ ಸಾಲಿನಲ್ಲಿ ಕೂತಿದ್ದೆ ಎಂಬುದನ್ನು ಕೂಡ ಅವನು ಕಂಡು ಬಂದವನ ಹಾಗೆ ಹೇಳುತ್ತಿದ್ದ.

ಇಂಥ ಕನಸುಗಾರ ಕಾಗದದ ವಿಷಯಕ್ಕೆ ಬಂದರೆ ಮಾತ್ರ ಬಲು ಗಟ್ಟಿ. ಅಡತಿಯಲ್ಲಿ, ಅಂದರೆ ದಲಾಲರ ಮಂಡಿಯಲ್ಲಿ, ತೊಗರಿ ತೂಗಿದ ಕೂಡಲೇ ಮೊದಲು ಒಂದು ಕಚ್ಚಾ ಚೀಟಿ ಬರೆದುಕೊಡುತ್ತಾರೆ, ಲೆಕ್ಕವೆಲ್ಲ ಮುಗಿದ ಮೇಲೆ ಪಕ್ಕಾ ಪಟ್ಟಿ. ಬೇರೆಯವರು ಕಚ್ಚಾ ಚೀಟಿ ಜೇಬಿಗೆ ಹಾಕಿಕೊಂಡು ಚಹಾ ಕುಡಿಯಲು ಹೋದರೆ ನಾಗಣ್ಣ ಚೀಲದ ಮೇಲೆ ಅರ್ಧ ಕಣ್ಣು ಮುಚ್ಚಿ ಕೂತೇ ಇರುತ್ತಾನೆ. ಪಕ್ಕಾ ಕೈಗೆ ಬಾರದೆ ಏಳುವವನಲ್ಲ. ಇಡೀ ಅಡತಿ ಅವನನ್ನು ಪಕ್ಕಾ ನಾಗಣ್ಣ ಎಂದೇ ಕರೆಯುತ್ತದೆ.

ಆ ವರ್ಷ ಭುವನೇಶ್ವರಿ ಬಿ.ಎಸ್ಸಿ. ಪಾಸಾದಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ.ಗೆ ಸೀಟೂ ಸಿಕ್ಕಿತು. ಸೋಮವಾರದೊಳಗೆ ಮೂಲ ಕಾಗದಪತ್ರ ತೋರಿಸಿ ಸೇರಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಅವಳು ಅರ್ಜಿ ಹಾಕಿದ್ದ ಪ್ರೊವಿಜನಲ್ ಸರ್ಟಿಫಿಕೇಟು, ಅಂದರೆ ಡಿಗ್ರಿ ಬರುವ ತನಕದ ತಾತ್ಕಾಲಿಕ ಪ್ರಮಾಣಪತ್ರ, ನಮ್ಮ ಆಫೀಸಿಗೆ ಬಂದು ಕೂತಿತ್ತು. ಶುಕ್ರವಾರ ಅವಳು ಕಿಟಕಿಯ ತನಕ ಬಂದಳು, ಆದರೆ ಸಹಿ ಮಾಡಿ ತಗೊಳ್ಳಲಿಲ್ಲ.

"ಅಪ್ಪ ಕಚ್ಚಾ ಕಾಗದ ಮುಟ್ಟಬ್ಯಾಡ ಅಂದಾನ್ರಿ ಸರ್. ಪಕ್ಕಾ ಡಿಗ್ರಿ ಬರ್ಲಿ, ಮುಂದಿನ ವರ್ಷ ಸೇರಂತಿ ಅಂತಾನ್ರಿ."

"ನೀ ಏನಂತಿ?"

"ನನಗ ಈ ವರ್ಷಾನೇ ಹೋಗಬೇಕ್ರಿ. ಆದ್ರ ಅಪ್ಪನ್ನ ದಾಟಿ ಹೋಗೋ ಮನಸಿಲ್ರಿ."

ನನಗೆ ನಿಜಕ್ಕೂ ರೇಗಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡುತ್ತಿದ್ದಾನಲ್ಲ ಈ ಮನುಷ್ಯ! ನಾಳೆ ಅಪ್ಪನನ್ನು ಕರಕೊಂಡೇ ಬಾ ಎಂದು ಹೇಳಿ ಕಳಿಸಿದೆ.

ಶನಿವಾರ ಇಬ್ಬರೂ ಬಂದರು. ಜಿಟಿಜಿಟಿ ಮಳೆ ನಿಂತು ಬಿಸಿಲು ಬಿದ್ದಿತ್ತು, ಕಾಲೇಜಿನ ಅಂಗಳದಿಂದ ಆವಿ ಏಳುತ್ತಿತ್ತು. ನಾಗಣ್ಣ ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತು ಆಮೇಲೆ ಕಿಟಕಿಯ ಹತ್ತಿರ ಬಂದ.

"ಸರ, ನಮ್ಮ ಅಡತಿ ಏಜಾಜ ಹೇಳ್ತಾನ, ಟ್ರಾನ್ಸ್‌ಕ್ರಿಪ್ಟ್ ಅಂತ ಒಂದು ಭಾರೀ ಕಾಗದ ಇರ್ತದಂತ. ಅವನ ಅಳಿಯ ಜರ್ಮನಿಗೆ ಹೋಗಾಗ ಲಕೋಟಿಗೆ ಮೊಹರು ಹಾಕಿ ಕೊಟ್ಟಿದ್ರಂತ. ಅದನ್ನರ ಕೊಡ್ರಿ ನಮ್ಮ ಹುಡುಗಿಗೆ."

"ನಿಮ್ಮ ಹುಡುಗಿ ಜರ್ಮನಿಗೆ ಹೊಂಟಾಳೇನು, ಕಡಗಂಚಿಗೆ ಹೊಂಟಾಳೇನು?" ಎಂದೆ. ಭುವನೇಶ್ವರಿ ತಲೆ ತಗ್ಗಿಸಿ ನಕ್ಕಳು. "ಕೇಳ್ರಿ ನಾಗಣ್ಣ. ಟ್ರಾನ್ಸ್‌ಕ್ರಿಪ್ಟ್ ಅಂದ್ರ ಎಲ್ಲಾ ಸೆಮಿಸ್ಟರಿನ ವಿಷಯ, ಅಂಕ ಒಂದೇ ಕಡೆ ಬರದು ಯುನಿವರ್ಸಿಟಿಯವರು ಕೊಡೋದು. ಹೊರದೇಶದ ಕಾಲೇಜಿನವರು ಹೆಚ್ಚಾಗಿ ಕೇಳ್ತಾರ, ನಮ್ಮ ಮಾರ್ಕ್ಸ್‌ಕಾರ್ಡ್ ಅವರಿಗೆ ತಿಳಿಯಂಗಿಲ್ಲ ಅಂತ. ಆಕಿ ಪಾಸಾಗಿ ಡಿಗ್ರಿ ಪಡದಾಳ ಅನ್ನೋ ಪದವಿಪತ್ರ ಅದಲ್ಲ. ಕಡಗಂಚಿಯವರು ಅದನ್ನ ಕೇಳೇ ಇಲ್ಲ."

ಅವರು ಕಳಿಸಿದ್ದ ಪಟ್ಟಿಯನ್ನು ಓದಿ ಹೇಳಿದೆ. ಮಾರ್ಕ್ಸ್‌ಕಾರ್ಡುಗಳು, ಟಿ.ಸಿ., ಪದವಿ ಪ್ರಮಾಣಪತ್ರ ಅಥವಾ ಪ್ರೊವಿಜನಲ್. ನಾಗಣ್ಣ ಪದವಿ ಎಂಬಷ್ಟನ್ನೇ ಕೇಳಿಸಿಕೊಂಡು, 'ಅಥವಾ' ಎಂಬಲ್ಲಿಂದ ಕಿವಿ ಮುಚ್ಚಿಕೊಂಡಿದ್ದ.

"ಡಿಗ್ರಿ ಸರ್ಟಿಫಿಕೇಟ್ ಘಟಿಕೋತ್ಸವ ಆದ ಮ್ಯಾಲ ಬರ್ತದ. ಮುಂದ ನೌಕರಿಗೆ ಕಾಗದ ತಪಾಸಣಿ ಮಾಡಾಗ ಅದನ್ನ ಕೇಳ್ತಾರ, ಆವಾಗ ಇಟ್ಟುಕೊಂಡಿರಬೇಕು. ಈಗ ಅದು ಯಾರ ಕಡೆನೂ ಇಲ್ಲ. ಆಕಿ ಸಂಗಾಟ ಪಾಸಾದವರೆಲ್ಲಾ ಪ್ರೊವಿಜನಲ್ ಹಿಡಕೊಂಡೇ ಸೇರಾಕತ್ತಾರ. ಹುಡುಗಿ ಪಾಸಾಗ್ಯಾಳ, ಡಿಗ್ರಿಗೆ ಅರ್ಹಳಾಗ್ಯಾಳ ಅಂತ ಇದರಾಗ ಬರದದ. ಸಹಿ ಐತಿ, ಸಿಕ್ಕಾ ಐತಿ. ಅಡತಿ ಚೀಟಿಗೆ ಸಿಕ್ಕಾ ಇರ್ತದೇನು?"

ನಾಗಣ್ಣ ಕಾಗದದ ಮೇಲಿನ ಆ ಮೊಹರನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮಗಳನ್ನು ನೀರು ಕುಡಿದು ಬಾ ಎಂದು ಆಚೆ ಕಳಿಸಿ, ದನಿ ಇಳಿಸಿ ಕೇಳಿದ.

"ಇದನ್ನ ತಗೊಂಡು ಬಿಟ್ರ, ನಿಮ್ಮ ಕಾಗದ ನಿಮಗ ಮುಟ್ಟೇತಿ ಅಂತ ಹೇಳಿ ಘಟಿಕೋತ್ಸವಕ್ಕ ಕರೀದೇ ಬಿಟ್ರ? ಆಕಿ ಸ್ಟೇಜ್ ಮ್ಯಾಲ ನಡೆಯೋದು ನಾ ನೋಡಬೇಕ್ರಿ."

ಹಾಗಾದರೆ ಅವನಿಗಿದ್ದದ್ದು ಕಚ್ಚಾ ಪಕ್ಕಾದ ಚಿಂತೆಯಲ್ಲ, ಮಗಳನ್ನು ವೇದಿಕೆಯ ಮೇಲೆ ನೋಡುವ ಚಿಂತೆ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಂದು ಸುಳ್ಳು ಹೇಳಿಬಿಡೋಣ ಅನಿಸಿತು, ಆಗಲಿಲ್ಲ.

"ಇದನ್ನ ತಗೊಂಡ್ರ ಡಿಗ್ರಿ ತಪ್ಪಂಗಿಲ್ರಿ, ಅದು ಬಂದೇ ಬರ್ತದ. ಆದ್ರ ಸ್ಟೇಜ್ ಮ್ಯಾಲ ಕರಿಯೋದು ರ‍್ಯಾಂಕ್ ಬಂದವರನ್ನ, ಪಿಎಚ್‌ಡಿ ಆದವರನ್ನ. ಉಳಿದ ಸಾವಿರಾರು ಮಂದಿಗೆ ಎಲ್ಲಿ ಸ್ಟೇಜ್, ನಾಗಣ್ಣ? ಅವರದು ಹಿಂಗ ಕಿಟಕಿಯಾಗ ಸಹಿ ಮಾಡಿ ತಗೊಳ್ಳೋದೇ."

ಅವನು ಹೊಳೆಯ ನೀರು ನೋಡುವಾಗಿನ ಅದೇ ನೋಟದಿಂದ ಅಂಗಳದ ಕಡೆ ನೋಡಿದ. ಅಲ್ಲಿ ಆವಿಯ ನಡುವೆ ಭುವನೇಶ್ವರಿ ನಳದ ಹತ್ತಿರ ನಿಂತು ದುಪ್ಪಟ್ಟಾದ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಇದು ಆಕಿಗೆ ಗೊತ್ತದೇನ್ರಿ?"

"ಕಾಲೇಜಿಗೆ ಬರೋ ಎಲ್ಲಾರಿಗೂ ಗೊತ್ತು."

"ನನಗ ಹೇಳೇ ಇಲ್ಲ ಹುಡುಗಿ," ಎಂದ. "ನಾ ದಿನಾ ಹೇಳ್ತಿದ್ದೆ, ಆಕಿ ದಿನಾ ಹೂಂ ಅಂತ ಕೇಳ್ತಿದ್ಳು."

ಅವಳು ಅಂಗಳ ದಾಟಿ ಕಿಟಕಿಯ ಹತ್ತಿರ ಬಂದಳು. ಅಪ್ಪನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. "ಸಹಿ ಮಾಡು ಬೇ," ಎಂದ ನಾಗಣ್ಣ. ಅವಳು ಸಹಿ ಮಾಡಿದಳು. ನಾನು ರೂಢಿಯಂತೆ ಕಾಗದವನ್ನು ಕಿಟಕಿಯ ಕೆಳಗಿಂದ ತಳ್ಳಲು ಹೋದೆ.

"ಸರ," ಎಂದ ನಾಗಣ್ಣ, ತಲೆಯ ರುಮಾಲು ಸರಿಮಾಡಿಕೊಳ್ಳುತ್ತ. "ತಪ್ಪು ತಿಳೀಬ್ಯಾಡ್ರಿ. ಒಂದೀಟು ಎದ್ದು ನಿಂತು ಕೊಡ್ರಿ."

ನಾನು ಎದ್ದು, ಬಾಗಿಲು ತೆಗೆದು ಹೊರಗೆ ಬಂದು, ಭುವನೇಶ್ವರಿಗೆ ಎರಡೂ ಕೈಯಿಂದ ಕೊಟ್ಟೆ.