ಕಾಲಮ್ ಇಲ್ಲದ ಖರ್ಚು

ಉಮರಗಾ, ನಿಲಂಗಾ, ಉದಗೀರ ಈ ಮೂರರ ನಡುವಿನ ಒಂದು ಸಣ್ಣ ಪಟ್ಟಣದ ನಗರ ಪರಿಷತ್ತಿನಲ್ಲಿ ನಾನು ಹೆಡ್ ಕ್ಲರ್ಕ್ ಆಗಿದ್ದೆ. ಊರೊಳಗೆ ಬರುವ ಸರಕಿನ ಮೇಲಿನ ಜಕಾತಿಯ ಲೆಕ್ಕ ನನ್ನದು, ಸಭೆಯ ಕಾಗದಪತ್ರವೂ ನನ್ನದು. ಬೀದಿದೀಪ, ನಲ್ಲಿ ನೀರು, ನಾಲ್ಕು ಮಂಚದ ಹೆರಿಗೆ ಆಸ್ಪತ್ರೆ ಎಲ್ಲ ಬಹುಮಟ್ಟಿಗೆ ಆ ಜಕಾತಿಯಿಂದಲೇ ನಡೆಯುತ್ತಿದ್ದವು.

ಹುಡುಗನಾಗಿದ್ದಾಗ ನಾನು ಮಠದ ಬೋರ್ಡಿಂಗಿನಲ್ಲಿ ಬೆಳೆದವನು. ನಸುಕಿನಲ್ಲಿ ಸ್ನಾನ, ಲಿಂಗಪೂಜೆ, ನಂತರ ಪಾಠ. ಗಂಟೆ ತಪ್ಪಿದವನಿಗೆ ಊಟವಿಲ್ಲ. ನೌಕರಿಯಲ್ಲೂ ಹಾಗೆಯೇ ಇದ್ದೆ. ನಮೂನೆಯಲ್ಲಿ ಇಲ್ಲದ್ದನ್ನು ಬರೆಯುತ್ತಿರಲಿಲ್ಲ, ಇದ್ದದ್ದನ್ನು ಬಿಡುತ್ತಿರಲಿಲ್ಲ. ಇದನ್ನು ಬಹಳ ದಿನ ಗುಣವೆಂದೇ ತಿಳಿದಿದ್ದೆ.

ನಮ್ಮ ಭಾಗದಲ್ಲಿ ಭೂಕಂಪವಾಗಿ ಸುತ್ತಲ ಹಳ್ಳಿಗಳು ನೆಲಸಮವಾದ ಮೇಲೆ ಮನೆ ಕಟ್ಟುವ ಸಾಮಾನಿಗೆ ಜಕಾತಿ ಮಾಫ್ ಮಾಡಬೇಕೆಂದು ಪರಿಷತ್ತು ಠರಾವು ಮಾಡಿತು. ಮೇಲಿನ ಮಂಜೂರಿಯೂ ಬಂತು. ಸಭೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ, ವಿರೋಧಿಸುವಂಥದ್ದೂ ಇರಲಿಲ್ಲ. ಹಳ್ಳಿಗಳಿಂದ ಬಂದವರು ಇನ್ನೂ ತಗಡಿನ ಕೆಳಗಿದ್ದರು. ಆದರೆ ಠರಾವಿನಲ್ಲಿ ‘ಮನೆ ಕಳೆದುಕೊಂಡವರಿಗೆ’ ಎಂಬ ಮಾತು ಇರಲಿಲ್ಲ. ‘ಕಟ್ಟಡದ ಸಾಮಾನಿಗೆ’ ಎಂದಿತ್ತು. ಮುಗಿಯುವ ತಾರೀಖೂ ಇರಲಿಲ್ಲ. ಆ ಠರಾವಿನ ಪ್ರತಿ ಬರೆದವನು ನಾನೇ.

ಅದೇ ವರ್ಷ ಹೆರಿಗೆ ಆಸ್ಪತ್ರೆಗೆ ಒಬ್ಬ ದಾಯಿ ಬಂದಳು. ಅವಳ ಹಳ್ಳಿಯ ಮನೆಯ ಕಲ್ಲುಗೋಡೆಯ ಕೆಳಗೆ ಗಂಡನೂ ಇಬ್ಬರು ಮಕ್ಕಳೂ ಉಳಿದುಹೋಗಿದ್ದರು. ಸೂಲಗಿತ್ತಿಯ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು, ಮೇಲೆ ಸರಕಾರಿ ತರಬೇತಿಯೂ ಆಗಿತ್ತು. ಹಂಗಾಮಿ ನೇಮಕ, ವರ್ಷವರ್ಷವೂ ಬಜೆಟ್ಟಿನಲ್ಲಿ ಮಂಜೂರಾಗಬೇಕು. ಊರಲ್ಲಿ ಎಲ್ಲರೂ ಅವಳನ್ನು ಮರಾಠಿ ರೂಢಿಯಂತೆ ಗೌರವದಿಂದ ‘ಬಾಯಿ’ ಎಂದೇ ಕರೆಯುತ್ತಿದ್ದರು. ಹುಟ್ಟಿದ ಪ್ರತಿ ಕೂಸಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳಂತೆ. ಏನೆಂದು ಕೇಳಿದರೆ ನಗುತ್ತಿದ್ದಳು. ಆ ನಗು ಅವಳಿಗೆ ಆ ನಾಲ್ಕು ಮಂಚಗಳ ನಡುವೆ ಮಾತ್ರ ಬರುತ್ತಿತ್ತು ಎಂದು ಡಾಕ್ಟರು ಒಮ್ಮೆ ನನಗೆ ಹೇಳಿದರು.

ಮಾಫಿಯ ಸರಕಿಗೆ ಊರ ಹೊರಗಿನ ಜಕಾತಿ ಕಟ್ಟೆಯಾದ ನಾಕಾದಲ್ಲಿ ಒಂದು ಚೀಟಿ ಹರಿದು ಕೊಡುತ್ತಿದ್ದರು. ವಸೂಲಾದ ಹಣ ಮಾತ್ರ ದಿನವಹಿಗೆ ಏರುತ್ತಿತ್ತು. ಹಣವಿಲ್ಲದ ಚೀಟಿಯ ಪ್ರತಿಯನ್ನು ತಿಂಗಳ ಕೊನೆಗೆ ಸುತಳಿ ಕಟ್ಟಿ ಅಟ್ಟಕ್ಕೆ ಎಸೆಯುವುದು ರೂಢಿ. ನನಗೆ ಅಷ್ಟು ಕಾಗದ ಹಾಗೆ ಬಿದ್ದಿರುವುದನ್ನು ನೋಡಲಾಗದೆ, ಒಂದು ಸ್ವಂತ ವಹಿಯಲ್ಲಿ ದಿನಾಲೂ ಬರೆದಿಡುತ್ತಿದ್ದೆ: ಸರಕು, ತೂಕ, ಮಾಲಕ. ಹಣದ ಕಾಲಮ್ ಹಾಕಿರಲಿಲ್ಲ. ಬಾರದ ಹಣಕ್ಕೆ ಕಾಲಮ್ ಯಾಕೆ?

ಮೂರನೆಯ ವರ್ಷ ಜಕಾತಿ ಕುಸಿಯಿತು. ಬಜೆಟ್ ಸಭೆಗೆ ಐದು ದಿನ ಇರುವಾಗ, ಒಂದು ರವಿವಾರ, ನನ್ನ ಹೆಂಡತಿಯ ತಮ್ಮ ಬಂದ. ಉದಗೀರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಅಕ್ಕನ ಗಂಡನಾದ ನನ್ನನ್ನು ಅಲ್ಲಿಯ ರೂಢಿಯಂತೆ ದಾಜಿ ಎನ್ನುತ್ತಿದ್ದ. ಮೇಜಿನ ಮೇಲಿನ ವಹಿ ತಿರುವಿ ಹಾಕುತ್ತ, ಇದರ ರೊಕ್ಕ ಎಲ್ಲಿ ಎಂದು ಕೇಳಿದ. ಮಾಫಿ, ರೊಕ್ಕ ಇಲ್ಲ ಎಂದೆ.

“ದಾಜಿ, ಒಬ್ಬ ಸಾವಕಾರನ ಕಡಿಂದ ನೂರು ರೂಪಾಯಿ ಜಕಾತಿ ತಗೊಂಡು, ಸಂಜಿಗೆ ಅದೇ ನೂರು ಲಕೋಟಿಯೊಳಗ ಹಾಕಿ ವಾಪಸ್ ಕೊಟ್ರ ಏನಂತೀರಿ?”

“ಅನುದಾನ ಅಂತೀನಿ. ಅದಕ್ಕ ಠರಾವು ಬೇಕು, ಬಜೆಟ್ಟಿನಾಗ ಜಾಗಾ ಬೇಕು, ವರ್ಷಾ ಆಡಿಟ್ ಆಗಬೇಕು.”

“ತಗೊಳ್ಳದನ ಬಿಟ್ರ?”

“ಮಾಫಿ.”

“ತಿಜೂರ್ಯಾಗ ಉಳಿಯೋದು ಎರಡರಾಗೂ ಅಷ್ಟೇ ಅಲ್ಲೇನ್ರಿ? ಒಂದು ಖರ್ಚಿಗೆ ದಿನಾ ಕಾವಲು, ಇನ್ನೊಂದು ಖರ್ಚಿನ ಹೆಸರ ಯಾರೂ ಹಿಡಿಯಂಗಿಲ್ಲ. ಅದಕ್ಕ ನಮ್ಮ ಅರ್ಥಶಾಸ್ತ್ರದವರು ಮಾಫಿನೂ ಖರ್ಚಿನಾಂಗ ಎಣಿಸಬೇಕು ಅಂತಾರ.”

ಒಳಗಿನಿಂದ ನನ್ನ ಹೆಂಡತಿ, “ನಿಮ್ಮ ದಾಜಿಗೆ ಕಾಲಮ್ ಇಲ್ಲದ್ದು ಕಾಣಂಗಿಲ್ಲಪ್ಪ. ನಾ ಹೊಸಾ ಸೀರಿ ಉಟ್ಟು ಎಂಟು ದಿನ ಆತು,” ಎಂದಳು.

ಇಬ್ಬರೂ ಕೂತು ದರದ ಪ್ರಕಾರ ಕಾಲಮ್ ತುಂಬಿದೆವು. ಮಧ್ಯಾಹ್ನದ ಊಟ ತಡವಾಯಿತು. ನನ್ನ ಮನೆಯಲ್ಲಿ ಅದು ಅಪರೂಪ. ದಾಯಿ ತನ್ನ ಗುಡಿಸಲಿಗೆ ತರಿಸಿದ್ದ ಹನ್ನೆರಡು ತಗಡು ಆ ವಹಿಯಲ್ಲಿ ಸಿಕ್ಕವು. ಅವಳಿಗೆ ಬಿಟ್ಟ ಜಕಾತಿ ಒಂದು ಬಸ್ ಚಾರ್ಜಿಗೂ ಸಾಲದಷ್ಟು. ಹೆದ್ದಾರಿಯ ಪಕ್ಕ ಮೂರಂತಸ್ತಿನ ಲಾಡ್ಜ್ ಕಟ್ಟಿಸುತ್ತಿದ್ದ ಸಾವಕಾರರೊಬ್ಬರ ಹೆಸರು ಪುಟಪುಟಕ್ಕೂ ಬರುತ್ತಿತ್ತು. ಅವರ ಮನೆಯ ಗೋಡೆಯ ಒಂದು ಕಲ್ಲೂ ಬಿದ್ದಿರಲಿಲ್ಲ. ಅವರು ಮೋಸ ಮಾಡಿರಲಿಲ್ಲ. ಠರಾವು ಹೇಳಿದ್ದನ್ನೇ ಮಾಡಿದ್ದರು. ಹೆಚ್ಚು ಕಟ್ಟಿದವನಿಗೆ ಹೆಚ್ಚು ಸಿಕ್ಕಿತ್ತು. ಅವರೊಬ್ಬರಿಗೆ ಬಿಟ್ಟದ್ದರಲ್ಲೇ ದಾಯಿಗೆ ಎರಡು ವರ್ಷದ ಪಗಾರ ಕೊಡಬಹುದಿತ್ತು.

ಮೈದುನ ಒಂದು ಎಚ್ಚರಿಕೆಯನ್ನೂ ಹೇಳಿದ. ಮಾಫಿ ತೆಗೆದರೆ ಈ ಮೊತ್ತವೆಲ್ಲ ಬಂದೇ ಬರುತ್ತದೆ ಎಂದು ಬರೆಯಬಾರದು. ಕೆಲವರು ಕಟ್ಟುವುದನ್ನೇ ಕಡಿಮೆ ಮಾಡುತ್ತಾರೆ, ಕೆಲವರು ನಾಕಾದ ಆಚೆ, ತುರೋರಿ ಕಡೆಯ ಯಾವುದಾದರೂ ಢಾಬಾದ ಬಯಲಲ್ಲಿ ಸರಕು ಇಳಿಸಿ ಎತ್ತಿನ ಬಂಡಿಯಲ್ಲಿ ಅಡ್ಡದಾರಿಯಿಂದ ತರುತ್ತಾರೆ. ಇದು ಬಿಟ್ಟುಕೊಟ್ಟದ್ದರ ಅಂದಾಜು, ಬರುವುದರ ಭರವಸೆಯಲ್ಲ. ಹಾಗೆಯೇ ಬರೆದು ಒಂದು ಟಿಪ್ಪಣಿ ತಯಾರಿಸಿದೆ.

ಆದರೆ ವಿಷಯಪಟ್ಟಿಗೆ ಏನೇ ಸೇರಿಸಬೇಕಿದ್ದರೂ ಸಭೆಗೆ ಏಳು ದಿನ ಮೊದಲು ಕೊಡಬೇಕಿತ್ತು. ತಡವಾಗಿ ತಂದ ಎಷ್ಟೋ ಸದಸ್ಯರ ಕಾಗದಗಳನ್ನು ನಾನು ಮರಳಿಸಿದ್ದೆ. ಐದು ದಿನ ಉಳಿದಿದ್ದವು. ಅಧ್ಯಕ್ಷರ ಮನೆ ನಮ್ಮ ಓಣಿಯಲ್ಲೇ ಇತ್ತು. ಹೋಗಿ ಬಾಗಿಲು ಬಡಿದಿದ್ದರೆ ಆಗುತ್ತಿತ್ತು. ಅಧ್ಯಕ್ಷರ ಅನುಮತಿಯಿಂದ ತುರ್ತು ವಿಷಯ ತೆಗೆದುಕೊಳ್ಳಲು ನಿಯಮವೂ ಇತ್ತು. ನನ್ನ ಕಾಗದಕ್ಕೆ ನಾನೇ ಆ ನಿಯಮ ಬಳಸುವುದು ಸರಿಯಲ್ಲವೆನಿಸಿತು. ಟಿಪ್ಪಣಿಯನ್ನು ಮುಂದಿನ ಸಭೆಯ ಫೈಲಿಗೆ ಹಾಕಿದೆ.

ಸಭೆಯಲ್ಲಿ ಎಲ್ಲರ ಕೈಯಲ್ಲೂ ಬಜೆಟ್ಟಿನ ಪ್ರತಿ ಇತ್ತು. ಖರ್ಚು ಇಳಿಸಬೇಕೆಂದು ಸದಸ್ಯರ ಬೆರಳು ಸಾಲುಸಾಲಾಗಿ ಕೆಳಗಿಳಿಯಿತು. ಲಾಡ್ಜಿನ ಸಿಮೆಂಟು ಯಾವ ಸಾಲಿನಲ್ಲೂ ಇರಲಿಲ್ಲ. ಹೆರಿಗೆ ಆಸ್ಪತ್ರೆ, ಹಂಗಾಮಿ ದಾಯಿ, ಹುದ್ದೆ ಒಂದು ಎಂಬುದು ಅಚ್ಚಾಗಿ ಕಾಣುತ್ತಿತ್ತು. ಬೆರಳು ಅಲ್ಲಿ ನಿಂತಿತು. ಅಧ್ಯಕ್ಷರಿಗೂ ಬೇಸರವಿತ್ತು. ಏನು ಮಾಡುವುದು, ರೊಕ್ಕವಿಲ್ಲ ಎಂದರು. ನಾನು ಅವರ ಎಡಕ್ಕೆ ಕೂತು ನಡಾವಳಿ ಬರೆಯುತ್ತಿದ್ದೆ. ಫೈಲು ನನ್ನ ಮೊಣಕೈ ಕೆಳಗೇ ಇತ್ತು.

ತಿಂಗಳ ಕೊನೆಗೆ, ಹುದ್ದೆ ರದ್ದಾದ ದಾಯಿ ಅನುಭವದ ಸರ್ಟಿಫಿಕೇಟಿಗೆ ಬಂದಳು. ಸೊಲ್ಲಾಪುರದಲ್ಲಿ ಒಂದು ಖಾಸಗಿ ದವಾಖಾನೆಯಲ್ಲಿ ಕಸಗುಡಿಸುವ ಕೆಲಸ ಸಿಕ್ಕಿತ್ತಂತೆ. ಹೆರಿಗೆ ಕೋಣೆಯೊಳಗೆ ಬಿಡುವುದಿಲ್ಲವಂತೆ. ನಮೂನೆಯಲ್ಲಿ ‘ಬಿಟ್ಟ ಕಾರಣ’ ಎಂಬ ಕಾಲಮ್ ಇತ್ತು. ನಾನು ‘ನಿಧಿಯ ಅಭಾವ’ ಎಂದು ಬರೆದೆ. ಅವಳಿಗೆ ಓದು ಬರುತ್ತಿರಲಿಲ್ಲ.

“ಏನ ಬರದ್ರಿ ಸಾಹೇಬ್ರ? ನಂದೇನರ ತಪ್ಪ ಅಂತ ಬರದೀರೇನು?”

“ಇಲ್ಲಬೇ, ನಿಂದೇನೂ ತಪ್ಪಿಲ್ಲ. ರೊಕ್ಕಿಲ್ಲ ಅಂತ ಬರದೀನಿ.”

“ಇಲ್ಲದಿದ್ರ ಯಾರೇನ ಮಾಡ್ತಾರ್ರೀ,” ಎಂದು ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಮುಂದಿನ ಸಭೆಯಲ್ಲಿ ನನ್ನ ಟಿಪ್ಪಣಿ ಸರಿಯಾದ ದಿನಕ್ಕೆ, ಸರಿಯಾದ ಕ್ರಮಾಂಕದಲ್ಲಿ ಬಂತು. ಮನೆ ಬಿದ್ದ ದಾಖಲೆ ಇದ್ದವರಿಗೆ ಮಾತ್ರ ಮಾಫಿ ಎಂದು ಠರಾವು ತಿದ್ದಿದರು. ಜಕಾತಿ ಸ್ವಲ್ಪ ಏರಿತು, ವಹಿಯ ಮೊತ್ತದಷ್ಟಲ್ಲ. ದಾಯಿಯ ಹುದ್ದೆ ಮತ್ತೆ ಮಂಜೂರಾಯಿತು. ಸೊಲ್ಲಾಪುರಕ್ಕೆ ಎರಡು ಪತ್ರ ಬರೆದೆ. ಆ ದವಾಖಾನೆಯನ್ನೂ ಅವಳು ಬಿಟ್ಟಿದ್ದಳು, ಎಲ್ಲಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ದಾಯಿಯ ಹುದ್ದೆಯ ಸಾಲು ಆ ವರ್ಷವೆಲ್ಲ ಬಜೆಟ್ಟಿನಲ್ಲಿ ಖಾಲಿಯೇ ಇತ್ತು.