ಕೆಳಗಿನ ಖಾನೆಯ ತಾಟು

ದೀಪಾವಳಿ ಹತ್ತಿರವಾದಾಗ ಬೇಡಕಿಹಾಳದ ಹೆಂಗಸರು ಮೈದಾ, ಡಾಲ್ಡಾ, ಸಕ್ಕರೆ ಕಲಸಿ, ನಾನಕಟಾಯಿ ಬಿಸ್ಕೀಟಿನ ಉಂಡೆಗಳನ್ನು ತಾಟಿನಲ್ಲಿ ಜೋಡಿಸಿಕೊಂಡು ಸಕ್ಕುಬಾಯಿಯ ಮನೆಗೆ ಬರುತ್ತಿದ್ದರು. ಹಿಟ್ಟು ಅವರದು, ಬೇಯಿಸುವುದು ಇವಳು. ೧೯೯೨ರಲ್ಲಿ ಗಂಡ ರಾವಸಾಹೇಬ ಕೊಲ್ಹಾಪುರದ ಮುಚ್ಚಿದ ಬೇಕರಿಯೊಂದರಿಂದ ಕರೆಂಟಿನ ಓವನ್ ತಂದು ಪಡಸಾಲೆಯಲ್ಲಿ ಇರಿಸಿದ್ದ. ಅದಕ್ಕೆ ಮೂರು ಖಾನೆ, ಮೇಲೆ ಕೆಳಗೆ ಕಾಯುವ ಕಾಯಿಲ್, ಬೆನ್ನಿಗೊಂದು ಫ್ಯಾನು.

ಯಾರ ತಾಟು ಯಾವ ಖಾನೆಗೆ ಎಂಬುದನ್ನು ಸಕ್ಕುಬಾಯಿ ಯೋಚಿಸುತ್ತಿರಲಿಲ್ಲ, ಕೈ ತಾನೇ ಇಡುತ್ತಿತ್ತು. ನೆಗೆಣ್ಣಿ ಲಕ್ಕವ್ವನದು ನಡುವಿಗೆ. ಸರ್ಕಾರಿ ದವಾಖಾನೆಯ ನರ್ಸ್ ಅಕ್ಕುತಾಯಿ ಬೌದ್ಧರಾದ ದಲಿತರ ಓಣಿಯವಳು. ಅವಳ ತಾಟು ಯಾವಾಗಲೂ ಕೆಳಗೆ.

ಮರುವರ್ಷದ ಹಬ್ಬಕ್ಕೆ ಮುಂಚೆ ಅಕ್ಕುತಾಯಿ ಒಂದು ನಾನಕಟಾಯಿಯನ್ನು ಬೋರಲು ಮಾಡಿ ಸಕ್ಕುಬಾಯಿಗೆ ತೋರಿಸಿದಳು. ಮೇಲೆ ಬಿಳಿ, ತಳ ಕಪ್ಪು.

“ವೈನಿ, ಪ್ರತಿ ಸಲ ನನ್ನವಷ್ಟ ಹಿಂಗ ಯಾಕ್ರಿ?”

ಲಕ್ಕವ್ವ ನಕ್ಕಳು. “ಸಕ್ಕರಿ ಜಾಸ್ತಿ ಹಾಕಿರ್ತಿ. ಸೂಜಿ ಚುಚ್ಚೂದಕ್ಕೂ ಹಿಟ್ಟ ಕಲಸೂದಕ್ಕೂ ಫರಕ್ ಐತಿ, ನರ್ಸಬಾಯಿ.”

“ನಿಮ್ಮ ಅಳತೀನ ಕೇಳಿ ಹಾಕೇನ್ರಿ ಅಕ್ಕಾರ. ಹಿಂಗ ಆದ್ರ ಇನ್ನ ನಾ ಇಲ್ಲಿ ತರೂದಿಲ್ಲ.”

ಸಕ್ಕುಬಾಯಿಗೆ ಆ ಮಾತು ಚುಚ್ಚಿತು. ತನ್ನ ಕೈಯಲ್ಲಿ ಭೇದವಿಲ್ಲ ಎಂಬುದು ಅವಳ ಹೆಮ್ಮೆ. ತಪ್ಪು ಓವನ್ನಿನದೇ ಎಂದು ತೋರಿಸಿಕೊಡಬೇಕಿತ್ತು. ಕೊಲ್ಹಾಪುರದಿಂದ ಓವನ್ನಿನೊಳಗೆ ಇಡುವ ಥರ್ಮಾಮೀಟರ್ ತರಿಸಿದಳು. ಗಡಿಯಾರದಂಥ ದುಂಡು ಮುಖ, ಕಾಲ ಮೇಲೆ ನಿಲ್ಲುತ್ತಿತ್ತು.

ಖಾಲಿ ಓವನ್ನಿನ ನಡುವಿನ ಖಾನೆಯಲ್ಲಿ ಅದನ್ನು ನಿಲ್ಲಿಸಿ, ಕಾವಿನ ತಿರುಪನ್ನು ನೂರರವತ್ತು ಡಿಗ್ರಿಗೆ ಇಟ್ಟಳು. ಬಾಗಿಲು ತೆರೆಯದೆ ಗಾಜಿನಿಂದಲೇ ನೋಡಿದಳು. ಓವನ್ನಿನ ಕೆಂಪು ದೀಪ ಹತ್ತಿ ಆರಿದಂತೆ ಮುಳ್ಳು ಏರುತ್ತಿತ್ತು, ಇಳಿಯುತ್ತಿತ್ತು. ಒಂದೇ ಸಲದ ಅಂಕಿಯನ್ನು ನಂಬದೆ ಹಲವು ಸುತ್ತು ಕಾದಳು. ಮುಳ್ಳು ನೂರೆಪ್ಪತ್ತಕ್ಕೂ ನೂರತೊಂಬತ್ತಕ್ಕೂ ನಡುವೆ ಆಡುತ್ತಿತ್ತು. ಅಂದರೆ ತಿರುಪು ಹೇಳುವುದಕ್ಕಿಂತ ಒಳಗೆ ಸರಾಸರಿ ಇಪ್ಪತ್ತು ಡಿಗ್ರಿ ಹೆಚ್ಚು. ಅಂದಿನಿಂದ ತಿರುಪು ನೂರನಲವತ್ತಕ್ಕೆ ಇಳಿಯಿತು.

ನಡುವಿನ ತಾಟು ಚೆಂದ ಬೆಂದಿತು. ಅಕ್ಕುತಾಯಿಯ ತಾಟಿನ ತಳ ಮತ್ತೆ ಸೀದಿತು.

ಆಗ ಥರ್ಮಾಮೀಟರನ್ನು ಕೆಳಗಿನ ಖಾನೆಗೆ ಇಳಿಸಿದಳು. ಕಾಯಿಲ್ಲಿನ ನೇರ ಕಾವಿಗೆ ಮುಳ್ಳು ಇನ್ನೂರು ದಾಟಿತು. ಕಿವಿಗೊಟ್ಟರೆ ಬೆನ್ನಿನ ಫ್ಯಾನಿನ ಸದ್ದೇ ಇಲ್ಲ.

ಮೋಟಾರು ರಿಪೇರಿಯ ವಿಠೋಬಾ ಬಂದು ಹಿಂದಿನ ತಗಡು ಬಿಚ್ಚಿದ. ಜಿಡ್ಡು, ಹಿಟ್ಟು ಸೇರಿ ಫ್ಯಾನಿನ ದಂಡವನ್ನು ಕಚ್ಚಿ ಹಿಡಿದಿದ್ದವು.

“ಬಿಸಿ ಗಾಳಿ ತಿರುಗಿಸೂದ ಇದರ ಕೆಲಸ ನೋಡ್ರಿ. ಇದು ನಿಂತ್ರ ಕಾಯಿಲ್ಲಿನ ಬಾಜೂ ಇದ್ದದ್ದು ಸುಡತೈತಿ. ತಾಟ ಗೋಡಿಗೆ ಹತ್ತಿಸಬ್ಯಾಡ್ರಿ, ಗಾಳಿಗೆ ಹಾದಿ ಬೇಕು.”

ಸ್ವಚ್ಛ ಮಾಡಿ ಎಣ್ಣೆ ಬಿಟ್ಟ ಮೇಲೆ ಫ್ಯಾನು ತಿರುಗಿತು. ಮೂರೂ ಖಾನೆಗಳಲ್ಲಿ ಮತ್ತೆ ಅಳೆದಳು. ಐದು ಡಿಗ್ರಿಯ ಫರಕು ಅಷ್ಟೇ. ತಿರುಪಿನ ಸುಳ್ಳು ಮಾತ್ರ ಹಾಗೇ ಉಳಿದಿತ್ತು. ಅದು ಫ್ಯಾನಿನಿಂದ ಹೋಗುವಂಥದ್ದಲ್ಲ.

ಸಕ್ಕುಬಾಯಿ ಅಕ್ಕುತಾಯಿಗೆ ಹೇಳಿಕಳುಹಿಸಿದಳು. ಅವಳು ತಾಟಿನೊಂದಿಗೆ ಬಂದಾಗ ಲಕ್ಕವ್ವನೂ ತಾಟು ಹಿಡಿದು ಬಂದಿದ್ದಳು.

“ನಿನ್ನ ಹಿಟ್ಟಿಂದು ತಪ್ಪಿಲ್ಲ ತಾಯಿ. ಈಗ ಎಲ್ಲಾ ಖಾನಿ ಒಂದ. ಎಲ್ಲಿಟ್ರೂ ಸುಡೂದಿಲ್ಲ.”

ಹೇಳುತ್ತಲೇ ಸಕ್ಕುಬಾಯಿಯ ಕೈ ಅಕ್ಕುತಾಯಿಯ ತಾಟನ್ನು ಕೆಳಗಿನ ಖಾನೆಗೆ ಒಯ್ದಿತ್ತು.

“ಎಲ್ಲಾ ಒಂದ ಆದ್ರ ನಡಕ ಇಡ್ರಿ ವೈನಿ,” ಎಂದಳು ಅಕ್ಕುತಾಯಿ.

ಸಕ್ಕುಬಾಯಿಯ ಕೈ ನಿಂತಿತು. ಓವನ್ ಕೆಟ್ಟಿದ್ದಾಗ ಅವಳಿಗೆ ಹೇಳಲು ಒಂದು ನೆಪವಿತ್ತು. ಈಗ ಅದೂ ಇಲ್ಲ.

“ನಡುವಿಂದು ನಂದು ಬೇ ಸಕ್ಕು,” ಎಂದಳು ಲಕ್ಕವ್ವ. “ಅಕಿ ತಾಟಿನ ಕೆಳಗ ನಾ ಇಡೂದಿಲ್ಲ.”

“ಯಾಕ ಅಕ್ಕಾ?” ಎಂದಳು ಸಕ್ಕುಬಾಯಿ.

ಲಕ್ಕವ್ವ ಅಕ್ಕುತಾಯಿಯ ಕಡೆಗೊಮ್ಮೆ ನೋಡಿದಳು. ಓವನ್ನಿನ ತೆರೆದ ಬಾಗಿಲಿನಿಂದ ಬಿಸಿ ಸಕ್ಕುಬಾಯಿಯ ಮುಖಕ್ಕೆ ಹೊಡೆಯುತ್ತಿತ್ತು.

“ಹೇಳ ಲಗೂನ. ಕಾವು ಹೋಗಾಕತ್ತೈತಿ.”

ಲಕ್ಕವ್ವ ತಾಟನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಟಳು. ಸಕ್ಕುಬಾಯಿ ಅಕ್ಕುತಾಯಿಯ ತಾಟನ್ನು ನಡುವೆ, ಗೋಡೆಗೆ ತಾಗದಂತೆ ಇಟ್ಟು ಬಾಗಿಲು ಮುಚ್ಚಿದಳು.

ಇದು ಗೊತ್ತಾಗಿ ಆ ಹಬ್ಬಕ್ಕೆ ಕೆಲವರು ನಿಪ್ಪಾಣಿಯ ಬೇಕರಿಗೆ ಹೋದರು. ಲಕ್ಕವ್ವ ಎರಡು ವರ್ಷ ಬರಲಿಲ್ಲ, ಬಂದಾಗಲೂ ಮಾತು ಕಡಿಮೆ. ಯಾರು ಮೊದಲು ಬಂದರೋ ಖಾನೆ ಅವರು ಆರಿಸುವುದು ಎಂದು ಆ ಹಬ್ಬದಿಂದ ಮಾಡಿದ ಪದ್ಧತಿಯನ್ನು ಸಕ್ಕುಬಾಯಿ ಮತ್ತೆ ಬದಲಿಸಲಿಲ್ಲ. ಅಕ್ಕುತಾಯಿ ಬೇಗ ಬಂದ ದಿನಗಳಲ್ಲಿ, ನಡುವಿನದು ಖಾಲಿ ಇದ್ದರೂ, ಕೆಲವೊಮ್ಮೆ ಕೆಳಗಿನದನ್ನೇ ತಾನಾಗಿ ಆರಿಸುತ್ತಿದ್ದಳು.